ಎರಡನೇ ಕಂತಿಗೆ ನಾಲ್ಕು ಇಂಚು ಮಳೆ

ಕೊಡಗಿನ ಬೆಳೆಗಾರನಿಗೆ ಲೆಕ್ಕವೆಂದರೆ ಮೊದಲು ಮಳೆಯ ಲೆಕ್ಕ. ನಮ್ಮ ಮನೆಯಲ್ಲೂ ಅಜ್ಜನ ಕಾಲದಿಂದ ಒಂದು ಪುಸ್ತಕವಿದೆ. ಬೆಳಿಗ್ಗೆ ಕಾಫಿ ಕುಡಿಯುವ ಮೊದಲೇ ಅಂಗಳದ ಮಳೆಮಾಪಕದ ನೀರನ್ನು ಅಳೆದು, ಇಷ್ಟು ಇಂಚು ಇಷ್ಟು ಸೆಂಟು ಎಂದು ಅದರಲ್ಲಿ ಬರೆಯದೆ ಇದ್ದರೆ ಆ ದಿನ ಶುರುವಾದಂತೆಯೇ ಅನ್ನಿಸುವುದಿಲ್ಲ. ಸೆಂಟು ಎಂದರೆ ಇಂಚಿನ ನೂರನೇ ಒಂದು ಪಾಲು. ದಿನದ ಮಳೆಯ ಪಕ್ಕದಲ್ಲಿ ಜನವರಿಯಿಂದ ಈವರೆಗಿನ ಒಟ್ಟು ಮಳೆಯ ಅಂಕಣವೊಂದಿರುತ್ತದೆ. ಅದರ ವಿಶೇಷವೆಂದರೆ ಅದು ಯಾವತ್ತೂ ಇಳಿಯುವುದಿಲ್ಲ. ಬರಗಾಲ ಬಂದರೂ ಇದ್ದಲ್ಲೇ ನಿಲ್ಲುತ್ತದೆಯೇ ಹೊರತು ಕೆಳಗೆ ಬರುವುದಿಲ್ಲ. ಈ ಅಂಕಣಕ್ಕೆ ಹೂಡಿಕೆಯ ಜಗತ್ತಿನಲ್ಲಿ ಎಷ್ಟು ಬೆಲೆಯಿದೆ ಎಂಬುದು ನನ್ನ ಸೋದರಳಿಯ ಕಂಪನಿ ತೆರೆಯುವವರೆಗೆ ನನಗೆ ಗೊತ್ತಿರಲಿಲ್ಲ.

ಅಳಿಯನ ಕಂಪನಿಯ ಕೆಲಸ ಸರಳವಾದದ್ದು. ಬೆಳೆಗಾರನ ಕಣದಿಂದಲೇ ಕಾಫಿಯನ್ನು ಎತ್ತಿ, ಮೊಬೈಲ್ ಆ್ಯಪ್ ಮೂಲಕ ಖರೀದಿದಾರನಿಗೆ ಮುಟ್ಟಿಸಿ, ನಡುವೆ ಎರಡು ಶೇಕಡ ಕಮಿಷನ್ ಇಟ್ಟುಕೊಳ್ಳುವುದು. ಬೆಂಗಳೂರಿನ ಹೂಡಿಕೆದಾರರು ಇದಕ್ಕೆ 3 ಕೋಟಿ ರೂಪಾಯಿ ಕೊಡಲು ಒಪ್ಪಿದರು. ಆಗಸ್ಟ್ ಮೊದಲ ವಾರದಲ್ಲಿ ಒಂದೂವರೆ ಕೋಟಿ ಬಂತು. ಉಳಿದ ಒಂದೂವರೆ ಕೋಟಿ ಎರಡು ಮೈಲಿಗಲ್ಲುಗಳನ್ನು ದಾಟಿದ ಮೇಲೆ. ಏಪ್ರಿಲ್ 30ರೊಳಗೆ 2,000 ಬೆಳೆಗಾರರು ನೋಂದಣಿಯಾಗಿರಬೇಕು, ಜುಲೈ ತಿಂಗಳಲ್ಲಿ 1,000 ಮಂದಿ ‘ಸಕ್ರಿಯ’ ಬೆಳೆಗಾರರಿರಬೇಕು. ಅರವತ್ತನಾಲ್ಕು ಪುಟಗಳ ಆ ಒಪ್ಪಂದದಲ್ಲಿ ಭೂಕಂಪವಾದರೆ ಏನು, ಪಾಲುದಾರನಿಗೆ ಹುಚ್ಚು ಹಿಡಿದರೆ ಏನು ಎಂಬುದಕ್ಕೆಲ್ಲ ಉತ್ತರವಿತ್ತು. ಸಕ್ರಿಯ ಎಂದರೆ ಯಾರು ಎಂಬುದು ಮಾತ್ರ ಎಲ್ಲಿಯೂ ಇರಲಿಲ್ಲ.

ಇದರ ಜೊತೆಗೆ ತಿಂಗಳು ತಿಂಗಳೂ ಎಂಐಎಸ್ ಎಂಬ ವರದಿ ಕಳಿಸಬೇಕು. ಅದರಲ್ಲಿ ಕೆಪಿಐಗಳೆಂಬ, ಅಂದರೆ ಕಂಪನಿಯ ಸಾಧನೆಯನ್ನು ಅಳೆಯುವ, ಹತ್ತೊಂಬತ್ತು ಸಾಲುಗಳು. ಪ್ರತಿ ಸಾಲಿನ ಕೊನೆಯಲ್ಲಿ ಹಸಿರು, ಹಳದಿ ಅಥವಾ ಕೆಂಪು ಬಣ್ಣದ ಚುಕ್ಕೆ. ವ್ಯವಹಾರವು ತಿಂಗಳಿಗೆ ಹದಿನೈದು ಶೇಕಡ ಬೆಳೆಯುತ್ತಿದ್ದರೆ ಹಸಿರು. ಹದಿನೈದು ಶೇಕಡ ಎಂದರೆ ಕೇಳಲು ಸಣ್ಣ ಮಾತು. ಆದರೆ ಚಕ್ರಬಡ್ಡಿಯಂತೆ ಹನ್ನೆರಡು ತಿಂಗಳು ಗುಣಿಸಿದರೆ ಅದು ಐದು ಪಟ್ಟನ್ನು ದಾಟುತ್ತದೆ. ಈ ಜನವರಿಯಲ್ಲಿ 100 ಚೀಲ ಎತ್ತಿದವನು ಮುಂದಿನ ಜನವರಿಯಲ್ಲಿ 535 ಚೀಲ ಎತ್ತಬೇಕು. ಅದಾದರೂ ಆದೀತು. ಆದರೆ ನಡುವಿನ ಜುಲೈಯಲ್ಲೂ 231 ಚೀಲ ಎತ್ತಿರಬೇಕಲ್ಲ! ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ರೊಬಸ್ಟಾ ಕೊಯ್ಲು ಜನವರಿಯಿಂದ ಮಾರ್ಚ್. ಜುಲೈಯಲ್ಲಿ ಗಿಡದ ಮೇಲಿರುವುದು ಹಸಿರು ಕಾಯಿ. ಗೋದಾಮಿನಲ್ಲಿರುವುದು ಬೆಲೆ ಏರಲೆಂದು ಕಾದಿಟ್ಟ ಒಂದಷ್ಟು ಚೀಲ. ಹೂಡಿಕೆದಾರರ ಕಡೆಯ ತರುಣಿಯೊಬ್ಬರು, ಬಹಳ ಸಭ್ಯರು, ಪರದೆಯ ಮೇಲೆ ಬಂದು “ಮಳೆಗಾಲದಲ್ಲಿ ಪೂರೈಕೆ ಹೆಚ್ಚಿಸಲು ನಿಮ್ಮ ಯೋಜನೆ ಏನು?” ಎಂದು ಕೇಳಿದಾಗ ಅಳಿಯ ನನ್ನ ಮುಖ ನೋಡಿದ. ನಾನು ಕಿಟಕಿಯಾಚೆಯ ಗಿಡದ ಮುಖ ನೋಡಿದೆ.

ಆ ತರುಣಿಯನ್ನು ದೂರುವಂತಿಲ್ಲ. ಅವರ ಸಂಸ್ಥೆಗೆ ಹಣ ಕೊಟ್ಟವರು ಬೇರೆ ಇದ್ದಾರೆ. ಮೂರು ತಿಂಗಳಿಗೊಮ್ಮೆ ಅವರಿಗೂ ಒಂದು ವರದಿ ಹೋಗಬೇಕು. ನಮ್ಮ ಕಣದಿಂದ ಹೊರಟ ಹಸಿರು ಚುಕ್ಕೆಯು ಮೂರು ಮೇಜುಗಳನ್ನು ದಾಟಿ ಹೋಗುವಾಗ ಅದನ್ನು ಕೆಂಪು ಮಾಡಲು ದಾರಿಯಲ್ಲಿ ಯಾರಿಗೂ ಮನಸ್ಸಿರುವುದಿಲ್ಲ.

ಮೊದಲ ಮೈಲಿಗಲ್ಲಿನ ಕಥೆಯನ್ನು ಚಿಕ್ಕದಾಗಿ ಮುಗಿಸುತ್ತೇನೆ. ಏಪ್ರಿಲ್ ಬಂದರೂ ನೋಂದಣಿ 1,600 ದಾಟಿರಲಿಲ್ಲ. ಶನಿವಾರಸಂತೆಯಲ್ಲಿ ಒಂದು ಮೇಜು ಹಾಕಿ, ಹಾಕಿ ಪಂದ್ಯದ ಮೈದಾನದ ಹೊರಗೆ ಇನ್ನೊಂದು ಮೇಜು ಹಾಕಿ, ಹೆಸರು ಮತ್ತು ಮೊಬೈಲ್ ನಂಬರ್ ಕೊಟ್ಟವರಿಗೆಲ್ಲ ಒಂದೊಂದು ಟೋಪಿ ಕೊಟ್ಟರು. ಬಿಸಿಲು ಜೋರಾಗಿತ್ತು. ಐಸ್‌ಕ್ರೀಮ್ ಮಾರುವವನೂ, ಆನೆ ಕಾಟದಿಂದ ಬೇಸತ್ತು ಮೂರು ವರ್ಷದ ಹಿಂದೆಯೇ ತೋಟ ಮಾರಿದ ನನ್ನ ನೆಂಟರೊಬ್ಬರೂ ಬೆಳೆಗಾರರಾದರು. ನಮ್ಮ ಮನೆಯಿಂದಲೇ ನಾಲ್ಕು ಮಂದಿ ಬೆಳೆಗಾರರು, ತೋಟ ಒಂದೇ. ಏಪ್ರಿಲ್ 30ರ ಸಂಜೆಗೆ ಸಂಖ್ಯೆ 2,043 ಆಯಿತು. ನಕ್ಷೆಯ ಗೆರೆ ನಮ್ಮ ಮಳೆ ಪುಸ್ತಕದ ಕೊನೆಯ ಅಂಕಣದಂತೆ ಮೇಲಕ್ಕೇ ಹೋಗುತ್ತಿತ್ತು, ಏಕೆಂದರೆ ಅದೂ ‘ಈವರೆಗಿನ ಒಟ್ಟು’ ಲೆಕ್ಕವೇ. ನೋಂದಾಯಿಸಿ ಮರೆತವನು, ಫೋನ್ ನಂಬರ್ ಬದಲಿಸಿದವನು, ಸತ್ತವನು ಯಾರೂ ಅದರಿಂದ ಕಳೆಯುವುದಿಲ್ಲ.

ಆ ಋತುವಿನಲ್ಲಿ ನಿಜವಾಗಿ ಕಾಫಿ ಮಾರಿದ್ದು 61 ಮಂದಿ, 400 ಚೀಲ. ಲೆಕ್ಕ ಸುಲಭವಾಗಲೆಂದು 50 ಕೆ.ಜಿ.ಯ ಚೀಲಕ್ಕೆ 10,000 ರೂಪಾಯಿ ಎಂದಿಟ್ಟುಕೊಂಡರೆ ಇದು 40 ಲಕ್ಷದ ಕಾಫಿ. ವರದಿಯಲ್ಲಿ ‘ಒಟ್ಟು ವಹಿವಾಟು ಮೌಲ್ಯ’ ಎಂಬ ಸಾಲಿನಲ್ಲಿ 80 ಲಕ್ಷ ಎಂದಿತ್ತು. ನಾನು ಕಣ್ಣು ಉಜ್ಜಿಕೊಂಡು ಕೇಳಿದೆ. ಬೆಳೆಗಾರನಿಂದ ಬಂದದ್ದು ಒಂದು ವಹಿವಾಟು, ಖರೀದಿದಾರನಿಗೆ ಹೋದದ್ದು ಇನ್ನೊಂದು ವಹಿವಾಟು ಎಂದು ಅಳಿಯ ವಿವರಿಸಿದ. ಅದೇ ಚೀಲ, ಅದೇ ಜೀಪು. ಕಂಪನಿಯ ಕೈಗೆ ಬಂದ ಕಮಿಷನ್ 80,000 ರೂಪಾಯಿ. ಚೀಲ ಹೊತ್ತು ತಂದ ಜೀಪು ಬಾಡಿಗೆ ಮತ್ತು ಕೂಲಿ ಚೀಲಕ್ಕೆ 150 ರೂಪಾಯಿಯಂತೆ 60,000. ಉಳಿದದ್ದು 20,000. ಈ ಇಪ್ಪತ್ತು ಸಾವಿರಕ್ಕೂ ಒಂದು ಸಾಲಿರಬೇಕಿತ್ತು. ಹತ್ತೊಂಬತ್ತರಲ್ಲಿ ಅದೊಂದು ಇರಲಿಲ್ಲ.

ಇಲ್ಲಿ ನನಗೆ ನಮ್ಮ ಊರಿನ ಕಾಫಿ ವ್ಯಾಪಾರಿಯ ನೆನಪಾಗುತ್ತದೆ. ಆತನಲ್ಲಿ ಸಿಪ್ಪೆ ಸಮೇತ ಒಣಗಿಸಿದ ರೊಬಸ್ಟಾ ಚೆರಿ ತೆಗೆದುಕೊಂಡು ಹೋದರೆ, ನಿಮಗೆಷ್ಟು ಎಕರೆ ಇದೆ, ಎಷ್ಟು ಚೀಲ ಬೆಳೆದಿರಿ ಎಂದು ಆತ ಕೇಳುವುದಿಲ್ಲ. ಚೀಲಕ್ಕೆ ಕೈ ಹಾಕಿ ಮಾದರಿ ತೆಗೆಯುತ್ತಾನೆ, ಸಿಪ್ಪೆ ಬಿಡಿಸುತ್ತಾನೆ, ಬೀಜವನ್ನು ತೂಗುತ್ತಾನೆ. ಐವತ್ತು ಕೆ.ಜಿ. ಚೆರಿಯಲ್ಲಿ 27 ಕೆ.ಜಿ. ಬೀಜ ಸಿಗುವ ಲೆಕ್ಕ ಬಂದರೆ ಔಟ್‌ಟರ್ನ್ 27, ಆ ಪ್ರಕಾರ ದರ. ತೇವ ಜಾಸ್ತಿಯಿದ್ದರೆ ಮೀಟರ್ ಹೇಳುತ್ತದೆ, ಅದಕ್ಕೂ ಕಡಿತ. ಚೀಲದ ಮೇಲಿನ ಹೆಸರು, ನಮ್ಮ ಮನೆತನ, ನಮ್ಮ ಮುಂದಿನ ವರ್ಷದ ಆಶಯ ಇವು ಯಾವುದಕ್ಕೂ ಅವನ ತಕ್ಕಡಿಯಲ್ಲಿ ಜಾಗವಿಲ್ಲ. 2,043 ಬೆಳೆಗಾರರ ಸಿಪ್ಪೆ ಬಿಡಿಸಿದರೆ 61 ಬೀಜ ಸಿಗುತ್ತದೆ ಎಂಬ ಲೆಕ್ಕವನ್ನು ಆತ ಅರ್ಧ ನಿಮಿಷದಲ್ಲಿ ಹಾಕುತ್ತಿದ್ದ. ಮತ್ತೂ ಕಟುವಾದ ಪ್ರಶ್ನೆಯೊಂದಿದೆ: ಆ 61 ಮಂದಿಯಲ್ಲಿ ಮುಂದಿನ ವರ್ಷ ಟೋಪಿ ಕೊಡದೆಯೂ ಮತ್ತೆ ಬರುವವರು ಎಷ್ಟು? ಅದಕ್ಕೆ ಉತ್ತರ ಸಿಗಲು ಇನ್ನೊಂದು ಕೊಯ್ಲು ಆಗಬೇಕು. ಕಂಪನಿಯ ಬ್ಯಾಂಕ್ ಖಾತೆಗೆ ಅಷ್ಟು ತಾಳ್ಮೆಯಿರಲಿಲ್ಲ.

ಬ್ಯಾಂಕಿನಲ್ಲಿ ಉಳಿದ ಹಣವನ್ನು ತಿಂಗಳ ನಿವ್ವಳ ಖರ್ಚಿನಿಂದ ಭಾಗಿಸಿದರೆ ಸಿಗುವ ತಿಂಗಳುಗಳಿಗೆ ರನ್‌ವೇ ಎನ್ನುತ್ತಾರಂತೆ. ರೈಲೂ ಇಲ್ಲದ, ವಿಮಾನ ನಿಲ್ದಾಣವೂ ಇಲ್ಲದ ಜಿಲ್ಲೆಯಲ್ಲಿ ಈ ಪದವನ್ನು ದಿನಕ್ಕೆ ಹತ್ತು ಬಾರಿ ಕೇಳುವ ಯೋಗ ನಮ್ಮದಾಯಿತು. ತಿಂಗಳಿಗೆ 12 ಲಕ್ಷದಂತೆ ಒಂಬತ್ತು ತಿಂಗಳಲ್ಲಿ 1 ಕೋಟಿ 8 ಲಕ್ಷ ಖರ್ಚಾಗಿ, ಏಪ್ರಿಲ್ ಕೊನೆಗೆ ಉಳಿದದ್ದು 42 ಲಕ್ಷ. ಜುಲೈ ಕೊನೆಗೆ ಆರು ಲಕ್ಷ, ಅಂದರೆ ಹದಿನೈದು ದಿನ. ಈ ಒಂದು ಸಾಲನ್ನು ಮಾತ್ರ ಯಾರೂ ಉಬ್ಬಿಸಲಾಗಲಿಲ್ಲ, ಏಕೆಂದರೆ ಅದನ್ನು ಬರೆಯುತ್ತಿದ್ದದ್ದು ಬ್ಯಾಂಕು.

ಹೀಗಾಗಿ ‘ಸಕ್ರಿಯ’ ಎಂಬ ಪದಕ್ಕೆ ಅರ್ಥ ಹುಡುಕುವ ಕೆಲಸ ಜೂನ್ ಮೊದಲ ವಾರದಲ್ಲಿ ಶುರುವಾಯಿತು. ಮಾರಿದವನೇ ಸಕ್ರಿಯ ಎಂದರೆ ಜುಲೈಯಲ್ಲಿ ಐದಾರು ಮಂದಿ. ಬೆಲೆ ಕೇಳಿದವನು ಸಕ್ರಿಯ ಎಂದರೆ ನೂರು. ಕೊನೆಗೆ, ಮೂವತ್ತು ದಿನಗಳಲ್ಲಿ ಒಮ್ಮೆಯಾದರೂ ಆ್ಯಪ್ ತೆರೆದವನು ಸಕ್ರಿಯ ಎಂದು ಅಳಿಯ ಬರೆದು ಕಳಿಸಿದ. ಅತ್ತಲಿಂದ ಆಕ್ಷೇಪ ಬರಲಿಲ್ಲ. ಆದರೆ ಮಾರಲು ಏನೂ ಇಲ್ಲದ ಕಾಲದಲ್ಲಿ ಬೆಳೆಗಾರ ಆ್ಯಪನ್ನಾದರೂ ಏಕೆ ತೆರೆದಾನು?

“ಮಾವ, ನಿಮ್ಮ ಮಳೆ ಪುಸ್ತಕ ಒಂದು ನಿಮಿಷ ಕೊಡಿ,” ಎಂದ ಅಳಿಯ.

ಹದಿನೈದು ದಿನಗಳಲ್ಲಿ ಆ್ಯಪ್‌ನಲ್ಲಿ ಮಳೆಯ ಪುಟವೊಂದು ಬಂತು. ನಮ್ಮ ಇಂಚು ಸೆಂಟುಗಳನ್ನು ನಾವು ಹಾಕಬಹುದು, ಪಕ್ಕದ ತೋಟಕ್ಕೆಷ್ಟು ಬಂತೆಂದು ನೋಡಬಹುದು. ಇದರ ಪರಿಣಾಮವನ್ನು ಕೊಡಗಿನವರಿಗೆ ವಿವರಿಸಬೇಕಿಲ್ಲ. ಸುಂಟಿಕೊಪ್ಪದಲ್ಲಿ ಎರಡು ಇಂಚು ಬಿದ್ದರೆ ಮಡಿಕೇರಿಯವನಿಗೆ ನಾಲ್ಕು ಎನ್ನದೆ ನಿದ್ರೆ ಬಾರದು. ಜುಲೈಯಲ್ಲಿ 1,312 ಮಂದಿ ಸಕ್ರಿಯರಾದರು. ಅವರಲ್ಲಿ ಹಲವರು ದಿನಕ್ಕೆ ಮೂರು ಬಾರಿ. ಕರೆಂಟ್ ಹೋಗಿ ಟವರ್ ನಿಂತ ದಿನಗಳಲ್ಲಿ ಮಾತ್ರ ಗೆರೆ ಕುಸಿಯುತ್ತಿತ್ತು. ಆ ತಿಂಗಳು ಆ್ಯಪ್ ಮೂಲಕ ಹೋದದ್ದು ಏಳು ಚೀಲ. ಚುಕ್ಕೆ ಕಡು ಹಸಿರು. ಆಗಸ್ಟ್ ಎರಡನೇ ವಾರ, ರನ್‌ವೇಯ ತುದಿಯಲ್ಲಿ, ಎರಡನೇ ಕಂತು ಬಂತು. ಹೊಸ ಗುರಿಯೂ ಅದರ ಜೊತೆಗೇ ಬಂತು: ಇಷ್ಟು ಚೆನ್ನಾಗಿ ಓಡುತ್ತಿರುವ ಸಂಖ್ಯೆಯಾದ್ದರಿಂದ ದೈನಂದಿನ ಸಕ್ರಿಯ ಬಳಕೆದಾರರನ್ನೇ ಇನ್ನು ಮುಂದೆ ಮುಖ್ಯ ಕೆಪಿಐ ಎಂದು ಪರಿಗಣಿಸಲಾಗುವುದು, ಅದು ಜನವರಿಯವರೆಗೆ ಪ್ರತಿ ತಿಂಗಳೂ ಏರಬೇಕು.

ಕಾಫಿ ಮಾರುವ ಬೆಳೆಗಾರ ವರ್ಷಕ್ಕೆ ಎರಡೋ ಮೂರೋ ಬಾರಿ ಆ್ಯಪ್ ತೆರೆಯುತ್ತಾನೆ. ಮಳೆ ಬರೆಯುವವನು ದಿನವೂ ತೆರೆಯುತ್ತಾನೆ. ಸೆಪ್ಟೆಂಬರ್ ಕಳೆದು ಮಳೆ ಸರಿದಂತೆ ಗೆರೆ ಬಗ್ಗತೊಡಗಿತು. ಚುಕ್ಕೆ ನವೆಂಬರ್‌ನಲ್ಲಿ ಹಳದಿಯಾಯಿತು, ಡಿಸೆಂಬರ್‌ನಲ್ಲಿ ಕೆಂಪಾಯಿತು. ಅದೇ ಡಿಸೆಂಬರ್‌ನಲ್ಲಿ ಜೀಪುಗಳು ತುಂಬಿ ಹೋಗುತ್ತಿದ್ದವು, ಹೋದ ವರ್ಷ ಮಾರಿದವರಲ್ಲಿ ಹಲವರು ತಾವಾಗಿಯೇ ಫೋನ್ ಮಾಡಿದ್ದರು. ಅದಕ್ಕೆ ಸಾಲೂ ಇರಲಿಲ್ಲ, ಚುಕ್ಕೆಯೂ ಇರಲಿಲ್ಲ.

ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಪಶ್ಚಿಮದಲ್ಲಿ ಮೋಡ ಕಟ್ಟಿತ್ತು. ಕಣದ ತುಂಬ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ, ಒಣಗಲು ಹರಡಿತ್ತು. ಒಂದು ಹನಿ ಬಿದ್ದರೂ ಬಣ್ಣ ಕೆಡುತ್ತದೆ, ಬೂಷ್ಟು ಹಿಡಿಯುತ್ತದೆ, ಅಕಾಲದಲ್ಲಿ ಹೂ ಬಿಟ್ಟರೆ ಮುಂದಿನ ವರ್ಷದ ಫಸಲಿಗೂ ಪೆಟ್ಟು. ನಾನೂ ಕೆಲಸದವರೂ ಟಾರ್ಪಾಲು ಎಳೆಯುತ್ತಿದ್ದಾಗ ಫೋನ್ ಬಂತು.

“ಮಾವ, ನಿಮ್ಮ ಕಡೆ ಮಳೆ ಬರುವ ಹಾಗಿದೆಯಾ?”

“ಮೋಡ ಇದೆ ಮಾರಾಯ, ಬಾರದಿದ್ದರೆ ಸಾಕು.”

ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಳಿಯ ದನಿ ತಗ್ಗಿಸಿ, “ಜಾಸ್ತಿ ಬೇಡ ಮಾವ, ಎಲ್ಲರೂ ಒಮ್ಮೆ ಆ್ಯಪ್ ತೆರೆದು ನೋಡುವಷ್ಟು, ಒಂದು ಹತ್ತು ಸೆಂಟು ಬಂದರೆ ಸಾಕಿತ್ತು,” ಎಂದ.