ಪ್ಯಾಕೆಟ್ ಮೊಸರು ಗಟ್ಟಿ ಯಾಕೆ? 'ಏನೋ ಪುಡಿ ಹಾಕಿರ್ತಾರೆ' ಅನ್ನೋದು ಅರ್ಧ ಉತ್ತರ

ಪ್ಯಾಕೆಟ್ ಮೊಸರಿಗೆ ಚಮಚ ಹಾಕಿದರೆ ಕತ್ತರಿಸಿದ ಹಾಗೆ ತುಂಡಾಗಿ ಬರುತ್ತೆ. ಮನೆ ಮೊಸರು ಸೌಟು ತಾಗಿದ ಸ್ವಲ್ಪ ಹೊತ್ತಿಗೇ ನೀರು ಬಿಡುತ್ತೆ. ಇದನ್ನು ನೋಡಿ ಎಲ್ಲ ಪಿಷ್ಟದ ಮಹಿಮೆ ಅಂತ ತೀರ್ಮಾನ ಮಾಡ್ತೀವಿ. ಆದರೆ ಗಟ್ಟಿತನದ ಬಹುಪಾಲು ಬರೋದು ಹಾಲಿನ ಪ್ರೊಟೀನಿನಿಂದ, ಮತ್ತು ಆ ಹಾಲನ್ನು ಕಾಯಿಸುವ ರೀತಿಯಿಂದ.

ಮೊಸರು ಅಂದರೆ ನೀರನ್ನು ಹಿಡಿದಿಟ್ಟ ಒಂದು ಬಲೆ. ಆ ಬಲೆಯ ನೂಲು ಕೇಸೀನ್ ಅನ್ನೋ ಪ್ರೊಟೀನು. ಹಾಲಿನಲ್ಲಿ ಕೇಸೀನಿನ ಕಣಗಳು ಒಂದನ್ನೊಂದು ದೂರ ತಳ್ಳುತ್ತಾ ತೇಲಾಡ್ತಿರುತ್ತವೆ. ಹೆಪ್ಪಿನ ಬ್ಯಾಕ್ಟೀರಿಯಾ ಹುಳಿ ಮಾಡುತ್ತಾ ಹೋದಂತೆ ಪಿಎಚ್ 6.6ರ ಆಸುಪಾಸಿನಿಂದ 4.6ರ ಕಡೆಗೆ ಇಳಿಯುತ್ತೆ, ಕಣಗಳ ನಡುವಿನ ಆ ತಳ್ಳಾಟ ನಿಂತು ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನೂಲು ಕಡಿಮೆ ಇದ್ದರೆ ಬಲೆ ಸಡಿಲ, ನೀರು ಸೋರುತ್ತೆ.

ಡೈರಿಯವರು ಮೊದಲು ಮಾಡೋದು ನೂಲು ಹೆಚ್ಚಿಸೋ ಕೆಲಸ. ಕೆನೆ ತೆಗೆದ ಹಾಲಿನ ಪುಡಿ ಸೇರಿಸ್ತಾರೆ, ಇಲ್ಲವೇ ಹಾಲಿನ ನೀರನ್ನೇ ಸ್ವಲ್ಪ ಇಂಗಿಸ್ತಾರೆ. ಆಮೇಲೆ ಹಾಲನ್ನು 85 ಡಿಗ್ರಿಯಲ್ಲಿ ಅರ್ಧ ಗಂಟೆ, ಅಥವಾ 90–95 ಡಿಗ್ರಿಯಲ್ಲಿ ಐದು ನಿಮಿಷ ಹಿಡೀತಾರೆ. ಕ್ರಿಮಿ ಸಾಯಲಿ ಅಂತಷ್ಟೇ ಅಲ್ಲ. ಈ ಶಾಖಕ್ಕೆ ಹಾಲಿನ ತಿಳಿನೀರಿನಲ್ಲಿರುವ ಪ್ರೊಟೀನುಗಳು ಬಿಚ್ಚಿಕೊಂಡು ಕೇಸೀನಿಗೆ ಅಂಟುತ್ತವೆ, ಸುಮ್ಮನೆ ತೇಲುತ್ತಿದ್ದದ್ದೂ ನೂಲಾಗುತ್ತೆ. ಮನೆಯಲ್ಲಿ ಹಾಲು ಉಕ್ಕಿದ ತಕ್ಷಣ ಒಲೆ ಆರಿಸ್ತೀವಲ್ಲ, ನಾವು ಸೋಲೋದು ಅಲ್ಲೇ. ಉಷ್ಣತೆ ಸಾಕು, ಹೊತ್ತು ಸಾಲದು.

ಇಷ್ಟಾದ ಮೇಲೂ ಪಿಷ್ಟ, ಹಣ್ಣಿನಿಂದ ತೆಗೆಯೋ ಪೆಕ್ಟಿನ್ ಅನ್ನೋ ಅಂಟು ಯಾಕೆ? ಡಬ್ಬಿ ಲಾರಿಯಲ್ಲಿ ಕುಲುಕುತ್ತೆ, ಫ್ರಿಜ್ಜಿನಲ್ಲಿ ವಾರಗಟ್ಟಲೆ ಕೂರುತ್ತೆ. ಅಷ್ಟರಲ್ಲಿ ಬಲೆ ನಿಧಾನಕ್ಕೆ ಕುಗ್ಗಿ ಮೇಲೆ ನೀರು ನಿಲ್ಲುತ್ತೆ. ಆ ನೀರನ್ನು ಹಿಡಿಯೋದೇ ಇವುಗಳ ಮುಖ್ಯ ಕೆಲಸ. ಪಿಷ್ಟದ ಕಣ ಬಿಸಿ ಹಾಲಿನಲ್ಲಿ ನೀರು ಕುಡಿದು ಉಬ್ಬಿ, ಬಲೆಯ ಸಂದಿಗಳಲ್ಲಿ ಕೂತುಕೊಳ್ಳುತ್ತೆ. ಸಾಮಾನ್ಯ ಪಿಷ್ಟ ಹುಳಿ ಮತ್ತು ಕಲಕಾಟಕ್ಕೆ ಒಡೆಯುತ್ತೆ, ತಂಪಿನಲ್ಲಿ ದಿನ ಕಳೆದಂತೆ ತಾನೇ ನೀರು ಬಿಡುತ್ತೆ. ಅದಕ್ಕೇ ಲೇಬಲ್ಲಿನಲ್ಲಿ 'ಮಾರ್ಪಡಿಸಿದ ಪಿಷ್ಟ' ಅಂತ ಇರುತ್ತೆ. ಹಾಗೆ ಒಡೆಯದಂತೆ ಬಲಪಡಿಸಿದ್ದು ಅಂತ ಅರ್ಥ, ಹೆಸರಿಗೆ ಹೆದರಬೇಕಿಲ್ಲ.

ಪೆಕ್ಟಿನ್ ದಾರಿ ಬೇರೆ. ಅದರಲ್ಲಿ ಎರಡು ಬಗೆ. ಒಂದು ಹಾಲಿನ ಕ್ಯಾಲ್ಸಿಯಂ ಹಿಡಿದು ತಾನೇ ಒಂದು ಮೆತ್ತನೆ ಜೆಲ್ ಕಟ್ಟುತ್ತೆ. ಇದು ಚಮಚದಲ್ಲಿ ತಿನ್ನೋ ಮೊಸರಿಗೆ, ಪ್ರಮಾಣ ಶೇಕಡಾ ಒಂದಕ್ಕಿಂತ ಎಷ್ಟೋ ಕಡಿಮೆ. ಇನ್ನೊಂದು ಜಾಮಿಗೆ ಹಾಕೋ ಬಗೆ. ಅದು ಗಟ್ಟಿಯಾಗೋಕೆ ಬಹಳ ಸಕ್ಕರೆ ಬೇಕು. ಆದರೆ ಹುಳಿಯಾದ ಹಾಲಿನಲ್ಲಿ ಕೇಸೀನ್ ಕಣಗಳ ಮೈಗೆ ಅಂಟಿ, ಅವು ತಳ ಸೇರದಂತೆ ತಡೆಯುತ್ತೆ. ಕುಡಿಯುವ ಮೊಸರಿನಲ್ಲಿ ಇರೋದು ಇದೇ. ಜಾಮಿನ ಪೆಕ್ಟಿನ್ ತಂದು ಹಾಲಿಗೆ ಸುರಿದು ಮೊಸರು ಗಟ್ಟಿ ಮಾಡೋಕೆ ಹೊರಟವರಿಗೆ ಸಿಗೋದು ತರಿತರಿಯಾಗಿ ಬೇರ್ಪಟ್ಟ ಹಾಲು.

ಪುಡಿಗಳ ಗೊಡವೆ ಬಿಟ್ಟು ಮನೆಯಲ್ಲೇ ಹೀಗೆ ಮಾಡಿ. ಒಂದು ಲೀಟರ್ ಹಾಲಿನಲ್ಲಿ ಪ್ರೊಟೀನು ಸುಮಾರು 32 ಗ್ರಾಂ. 30 ಗ್ರಾಂ ಕೆನೆರಹಿತ ಹಾಲಿನ ಪುಡಿ ಸೇರಿಸಿದರೆ ಇನ್ನೊಂದು 10 ಗ್ರಾಂ, ಅಂದರೆ ನೂಲು ಮೂರನೇ ಒಂದು ಭಾಗ ಜಾಸ್ತಿ. ಪುಡಿಯನ್ನು ತಣ್ಣನೆ ಹಾಲಿನಲ್ಲೇ ಗಂಟಿಲ್ಲದಂತೆ ಕದಡಿ. ಕಾಯಿಸಿ 85 ಡಿಗ್ರಿಗೆ ತಂದು, ಸಣ್ಣ ಉರಿಯಲ್ಲಿ ತಳ ಹಿಡಿಯದಂತೆ ಆಡಿಸುತ್ತಾ ಅರ್ಧ ಗಂಟೆ ಇಡಿ. 43 ಡಿಗ್ರಿಗೆ ಆರಿದ ಮೇಲೆ ಒಂದು ದೊಡ್ಡ ಚಮಚ ಹೆಪ್ಪನ್ನು ಸ್ವಲ್ಪ ಹಾಲಿನಲ್ಲಿ ಕದಡಿ ಬೆರೆಸಿ. ಆಮೇಲೆ ಪಾತ್ರೆ ಅಲುಗಾಡಿಸಲೇಬೇಡಿ, ಬಲೆ ಹೆಣೆದುಕೊಳ್ಳೋ ಹೊತ್ತಿನಲ್ಲಿ ಒಮ್ಮೆ ಹರಿದರೆ ಮತ್ತೆ ಅಷ್ಟು ಗಟ್ಟಿಯಾಗಲ್ಲ. ಐದಾರು ಗಂಟೆಯಲ್ಲಿ ಹೆಪ್ಪಾದ ತಕ್ಷಣ ಫ್ರಿಜ್ಜಿಗೆ. ರಾತ್ರಿಯಿಡೀ ತಂಪಾದರೆ ಇನ್ನಷ್ಟು ಬಿಗಿಯುತ್ತೆ. ಪುಡಿ ಇದಕ್ಕಿಂತ ತುಂಬಾ ಹೆಚ್ಚು ಹಾಕಿದರೆ ನಾಲಿಗೆಗೆ ಸುಣ್ಣದ ಹಾಗೆ ಹಿಟ್ಟುಹಿಟ್ಟು ಅನಿಸುತ್ತೆ.

ಕೊಳ್ಳುವಾಗ ನಾನು ಮೊದಲು ನೋಡೋದು 100 ಗ್ರಾಮಿಗೆ ಎಷ್ಟು ಪ್ರೊಟೀನು ಅಂತ. ಮೂರರ ಆಸುಪಾಸಿದ್ದು, ಜೊತೆಗೆ ಪಿಷ್ಟವೂ ಇದ್ದರೆ ಅದರ ಗಟ್ಟಿತನದಲ್ಲಿ ಪಿಷ್ಟದ ಪಾಲು ದೊಡ್ಡದು. ಐದರ ಮೇಲಿದ್ದರೆ ಹಾಲಿನದ್ದೇ ಹೆಚ್ಚು. ಲೇಬಲ್ ಮೇಲೆ ನಂಬಿಕೆ ಇಲ್ಲದಿದ್ದರೆ ಒಂದು ಚಮಚ ಮೊಸರಿಗೆ ಒಂದು ಹನಿ ಅಯೋಡಿನ್ ಬಿಡಿ. ನೀಲಿಗೋ ನೇರಳೆಗೋ ತಿರುಗಿದರೆ ಪಿಷ್ಟ ಇದೆ. ತಿರುಗದಿದ್ದರೆ ಪೂರ್ತಿ ಖಾತ್ರಿ ಇಲ್ಲ, ಯಾಕಂದರೆ ಕೆಲವು ಬಗೆಯ ಪಿಷ್ಟ ಬರೀ ಕಂದುಗೆಂಪಾಗುತ್ತೆ, ಅದು ಅಯೋಡಿನ್ನಿನದೇ ಬಣ್ಣದಲ್ಲಿ ಮರೆಯಾಗಿಬಿಡುತ್ತೆ. ಪೆಕ್ಟಿನ್ನಿಗಂತೂ ಈ ಪರೀಕ್ಷೆ ಹತ್ತಲ್ಲ. ಪರೀಕ್ಷೆ ಮಾಡಿದ ಆ ಚಮಚ ಮೊಸರನ್ನು ಚೆಲ್ಲಿಬಿಡಿ, ತಿನ್ನಬೇಡಿ.