‘ಆ ಕಾಲ ಹಾಗಿತ್ತು’ ಅಂದರೆ, ಯಾರ ಕಾಲ?

ಹಳಬರ ಬಗ್ಗೆ ಒಂದು ಕಹಿ ಮಾತು ಬಂದರೆ ಸಾಕು, ಯಾರಾದರೊಬ್ಬರು ‘ಆ ಕಾಲ ಹಾಗಿತ್ತು ಬಿಡಿ, ಇವತ್ತಿನ ಕಣ್ಣಲ್ಲಿ ನೋಡಬಾರದು’ ಅಂದುಬಿಡುತ್ತಾರೆ. ಮಾತಿನಲ್ಲಿ ನಿಜ ಇಲ್ಲದಿಲ್ಲ. ಆದರೆ ಎಲ್ಲರಿಗೂ ಒಂದೇ ರೀತಿ ಈ ರಿಯಾಯಿತಿ ಕೊಟ್ಟುಬಿಡುವುದು ನನಗೆ ಸರಿ ಕಾಣುವುದಿಲ್ಲ. ಬಾಲ್ಯವಿವಾಹದ ವಿಷಯವನ್ನೇ ತೆಗೆದುಕೊಳ್ಳೋಣ. ಅದು ತಪ್ಪು ಅನ್ನುವುದರಲ್ಲಿ ಇವತ್ತು ನಮ್ಮ ನಡುವೆ ಜಗಳ ಇಲ್ಲ ಅಲ್ವಾ?

ಬೊಂಬಾಯಿಯ ರಖಮಾಬಾಯಿಗೆ ಹನ್ನೊಂದನೇ ವಯಸ್ಸಿನಲ್ಲಿ ಮದುವೆ ಆಯಿತು. ಗಂಡ ದಾದಾಜಿ ಭಿಕಾಜಿ. ಹುಡುಗಿ ಗಂಡನ ಮನೆಗೆ ಹೋಗಲಿಲ್ಲ, ಡಾಕ್ಟರಾಗಿದ್ದ ಮಲತಂದೆಯ ಮನೆಯಲ್ಲೇ ಓದಿಕೊಂಡು ಬೆಳೆದಳು. 1884ರಲ್ಲಿ ಗಂಡ ‘ನನ್ನ ಹೆಂಡತಿಯನ್ನು ಕಳಿಸಿಕೊಡಿ’ ಅಂತ ಕೋರ್ಟಿಗೆ ಹೋದ. ಮರುವರ್ಷ ಜಡ್ಜ್ ಪಿನ್ಹೆ ಅವಳ ಪರ ತೀರ್ಪು ಕೊಟ್ಟರು. ಅಪೀಲಾಯಿತು, ಕೇಸು ವಾಪಸ್ ಬಂತು. 1887ರಲ್ಲಿ ಜಡ್ಜ್ ಫ್ಯಾರನ್, ಗಂಡನ ಮನೆಗೆ ಹೋಗು, ಇಲ್ಲದಿದ್ದರೆ ಆರು ತಿಂಗಳು ಜೈಲು ಅಂದರು. ಆಕೆ ಜೈಲಿಗೇ ಹೋಗುತ್ತೇನೆ ಅಂದಳು. ಕೊನೆಗೆ 1888ರಲ್ಲಿ ಗಂಡ 2000 ರೂಪಾಯಿ ತೆಗೆದುಕೊಂಡು ಕೈಬಿಟ್ಟ. ಆಕೆ ಲಂಡನ್ನಿಗೆ ಹೋಗಿ ಡಾಕ್ಟರಾಗಿ ಬಂದಳು.

ಕೇಸು ನಡೆಯುತ್ತಿದ್ದಾಗಲೇ ಆಕೆ ‘ಒಬ್ಬ ಹಿಂದೂ ಮಹಿಳೆ’ ಅಂತ ಸಹಿ ಹಾಕಿ ಪತ್ರಿಕೆಗೆ ಕಾಗದ ಬರೆದಳು. ಬಾಲ್ಯವಿವಾಹದಿಂದ ಹೆಣ್ಣುಮಕ್ಕಳ ಓದು, ಬದುಕು ಹೇಗೆ ಹಾಳಾಗುತ್ತದೆ ಅನ್ನುವುದೇ ಅದರ ವಿಷಯ. ಈಗ ಹೇಳಿ, ಇದು ಯಾರ ಕಣ್ಣು? ಇವತ್ತಿನದಾ? ಆ ಕಾಲದ್ದೇ. ‘ಆ ಕಾಲ ಹಾಗಿತ್ತು’ ಅನ್ನುವಾಗ ನಾವು ಸುಮ್ನೆ ಒಂದು ಕಡೆಯವರನ್ನು ಮಾತ್ರ ಎಣಿಸುತ್ತೇವೆ. ಏಟು ತಿಂದವರು, ಬೇಡ ಅಂದವರು ಲೆಕ್ಕಕ್ಕೇ ಬರುವುದಿಲ್ಲ.

ಇನ್ನು ತಿಲಕರ ಮಾತು. ಸಿಟ್ಟಾಗಬೇಡಿ, ಪೂರ್ತಿ ಓದಿ. ಈ ಕೇಸಿನಲ್ಲಿ ಅವರು ನಿಂತದ್ದು ಗಂಡನ ಪರ. ಅದಾದ ಮೇಲೆ 1890ರಲ್ಲಿ ಕಲ್ಕತ್ತಾದ ಫೂಲ್‌ಮಣಿಯ ಕೇಸು ಬಂತು. ಹತ್ತು ದಾಟಿದ್ದ ಹುಡುಗಿ. ಮೂವತ್ತು ದಾಟಿದ ಗಂಡ ಕೂಡಿದ್ದರಿಂದ ರಕ್ತಸ್ರಾವವಾಗಿ ಸತ್ತುಹೋದಳು. ಅತ್ಯಾಚಾರದ ಕೇಸು ಹಾಕುವ ಹಾಗೇ ಇರಲಿಲ್ಲ, ಯಾಕೆಂದರೆ ಕಾನೂನಿನಲ್ಲಿ ಹೆಂಡತಿಗೆ ಹತ್ತು ತುಂಬಿದ್ದರೆ ಸಾಕಿತ್ತು. ಗಂಡನಿಗೆ ಆದದ್ದು ಒಂದು ವರ್ಷದ ಸಜೆ. ಆ ಹತ್ತನ್ನು ಹನ್ನೆರಡು ಮಾಡಲು ಸರ್ಕಾರ ಹೊರಟಾಗ ತಿಲಕರು ಜೋರಾಗಿ ವಿರೋಧಿಸಿದರು. ಪರದೇಶಿ ಸರ್ಕಾರ ನಮ್ಮ ಧರ್ಮದೊಳಗೆ ಕೈ ಹಾಕಬಾರದು ಅನ್ನುವುದು ಅವರ ವಾದ. 1891ರಲ್ಲಿ ಕಾನೂನು ಆಯಿತು.

ಇಲ್ಲಿ ತಿಲಕರನ್ನು ‘ಪಾಪ, ಅವರಿಗೆ ಗೊತ್ತಿರಲಿಲ್ಲ’ ಅಂತ ಬಿಟ್ಟುಬಿಡಲು ಆಗುವುದಿಲ್ಲ. ಯಾಕೆ ಅಂದರೆ ಅದೇ ಸಮಯದಲ್ಲಿ ಅವರೇ ಒಂದು ಪಟ್ಟಿ ಮುಂದಿಟ್ಟಿದ್ದರು. ಹುಡುಗಿಗೆ ಹದಿನಾರು, ಹುಡುಗನಿಗೆ ಇಪ್ಪತ್ತು ಆಗುವ ತನಕ ಮದುವೆ ಬೇಡ, ವರದಕ್ಷಿಣೆ ಬೇಡ, ವಿಧವೆಯರ ತಲೆ ಬೋಳಿಸುವುದು ಬೇಡ ಅಂತೆಲ್ಲ ಅದರಲ್ಲಿತ್ತು. ಸುಧಾರಕರು ಮೊದಲು ಇದಕ್ಕೆ ಸಹಿ ಹಾಕಿ ತಮ್ಮ ಮನೆಯಲ್ಲಿ ನಡೆಸಿ ತೋರಿಸಲಿ, ಊರಿಗೆಲ್ಲ ಕಾನೂನು ಹೇರಬೇಡಿ ಅನ್ನುವುದು ಅವರ ಪಟ್ಟು. ಅಂದರೆ ಹತ್ತು ವರ್ಷದ ಮಗು ಹೆಂಡತಿಯಾಗುವ ವಯಸ್ಸಿನವಳಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅದಕ್ಕಿಂತ ಸ್ವರಾಜ್ಯದ ಲೆಕ್ಕವನ್ನು ದೊಡ್ಡದು ಮಾಡಿಕೊಂಡರು. ಆ ಲೆಕ್ಕಕ್ಕೂ ಒಂದು ತೂಕ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅದರ ಬೆಲೆ ತೆತ್ತವರು ತಿಲಕರಲ್ಲ, ಹತ್ತು ಹನ್ನೊಂದರ ಹುಡುಗಿಯರು.

ಅವರ ಪಕ್ಕದಲ್ಲೇ ಆಗರ್ಕರ್ ಇದ್ದರು. ಇಬ್ಬರೂ 1856ರಲ್ಲಿ ಹುಟ್ಟಿದವರು. ಒಂದೇ ಕಾಲೇಜು, ಒಟ್ಟಿಗೆ ಶಾಲೆ ಕಟ್ಟಿದರು, ಒಟ್ಟಿಗೆ ‘ಕೇಸರಿ’ ಶುರು ಮಾಡಿದರು. ಸಮಾಜ ಸುಧಾರಣೆಯ ವಿಷಯಕ್ಕೇ ಮನಸ್ಸು ಮುರಿದು ಆಗರ್ಕರ್ ಹೊರಬಂದು ಬೇರೆ ಪತ್ರಿಕೆ ಮಾಡಿದರು, ಈ ಕಾನೂನಿನ ಪರ ಬರೆದರು. ಅದೇ ಪುಣೆ, ಅದೇ ಓದು, ಅದೇ ಕಾಲ. ಹಾಗಾದರೆ ತಪ್ಪನ್ನು ಕಾಲದ ತಲೆಗೆ ಕಟ್ಟುವುದು ಹೇಗೆ?

ನನಗೆ ಹೆಚ್ಚು ಕಷ್ಟ ಕೊಡುವವರು ರಾನಡೆ. ವಿಧವಾ ವಿವಾಹದ ಪರ ಕೆಲಸ ಮಾಡಿದವರು. 1873ರಲ್ಲಿ ಮೊದಲ ಹೆಂಡತಿ ತೀರಿಕೊಂಡಾಗ ಅವರಿಗೆ ಮೂವತ್ತೊಂದು. ವಿಧವೆಯನ್ನೇ ಮದುವೆಯಾಗುತ್ತಾರೆ ಅಂತ ಎಲ್ಲರೂ ಕಾದಿದ್ದರು. ಅಪ್ಪ ಹಟ ಹಿಡಿದರು, ಇವರು ತಲೆಬಾಗಿ ಹನ್ನೊಂದರ ರಮಾಬಾಯಿಯನ್ನು ಕಟ್ಟಿಕೊಂಡರು. ಇವರನ್ನು ತೂಗಲು ಇವತ್ತಿನ ತಕ್ಕಡಿ ಬೇಕೇ ಇಲ್ಲ, ಅವರದೇ ಮಾತು ಸಾಕು. ಆದರೂ ನನಗೆ ಅವರ ಮೇಲೆ ತಿಲಕರ ಮೇಲಿನಷ್ಟು ಸಿಟ್ಟು ಬರುವುದಿಲ್ಲ. ತಾವು ಮಾಡಿದ್ದನ್ನು ಧರ್ಮ ಅಂತ ಊರಿಗೆ ಸಾರಲಿಲ್ಲ. ಆ ಹುಡುಗಿಯನ್ನು ತಾವೇ ಓದಿಸಿದರು, ಮನೆಯ ಹೆಂಗಸರ ಕುಹಕದ ನಡುವೆಯೂ. ಮುಂದೆ ಆಕೆ ಪುಣೆಯ ಸೇವಾಸದನವನ್ನು ನಡೆಸಿದರು. ಹಾಗಂತ ಮದುವೆ ಸರಿಯಾಯಿತು ಅಂತಲ್ಲ. ಒಳ್ಳೆಯ ಗಂಡ ಸಿಕ್ಕಿದ್ದು ಆಕೆಯ ಅದೃಷ್ಟ, ಅಷ್ಟೆ.

ಇನ್ನು ನಮ್ಮ ಮನೆಗಳಿಗೆ ಬನ್ನಿ. ನನ್ನ ಮುತ್ತಜ್ಜಿಯ ಮದುವೆ ಒಂಬತ್ತಕ್ಕೆ ಆಗಿತ್ತಂತೆ. ಮೈನೆರೆಯುವ ಮೊದಲು ಮಗಳಿಗೆ ಮದುವೆ ಮಾಡದಿದ್ದರೆ ಜಾತಿಯಿಂದ ಹೊರಗೆ ಅನ್ನುವ ಭಯದಲ್ಲಿ ಬದುಕಿದ ಅಪ್ಪ. ಪತ್ರಿಕೆ ಕಂಡವನಲ್ಲ, ಬೇರೆ ಥರ ಬದುಕಿದ ಒಂದು ಮನೆಯನ್ನೂ ನೋಡಿದವನಲ್ಲ. ಅವನು ಮಾಡಿದ್ದು ತಪ್ಪೇ. ಆದರೆ ಅವನನ್ನು ಕೆಟ್ಟವನು ಅನ್ನಲು ನನಗೆ ಬಾಯಿ ಬರುವುದಿಲ್ಲ. ಕೆಲಸ ತಪ್ಪಾ ಅನ್ನುವುದು ಒಂದು ಪ್ರಶ್ನೆ, ಮಾಡಿದವನನ್ನು ಎಷ್ಟು ದೂರಬೇಕು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಕಾಲ ಅಡ್ಡ ಬರುವುದಿಲ್ಲ. ಎರಡನೆಯದಕ್ಕೆ, ಅವನ ಕಿವಿಗೆ ಬೇರೆ ಮಾತು ಬಿದ್ದಿತ್ತಾ, ಬೇರೆ ದಾರಿ ಹಿಡಿದಿದ್ದರೆ ಏನು ಕಳೆದುಕೊಳ್ಳುತ್ತಿದ್ದ ಅಂತ ಕೇಳಲೇಬೇಕು. ತಮಾಷೆ ಏನೆಂದರೆ, ‘ಆ ಕಾಲ’ದ ರಿಯಾಯಿತಿ ನಿಜವಾಗಿ ಸಲ್ಲಬೇಕಾದ್ದು ಇಂಥ ಹೆಸರಿಲ್ಲದವರಿಗೆ. ನಾವು ಕೊಡುವುದು ಮಾತ್ರ ಎಲ್ಲ ಓದಿಕೊಂಡಿದ್ದ ದೊಡ್ಡವರಿಗೆ.

ಹಾಗೆ ನೋಡಿದರೆ ನಮ್ಮ ಮೈಸೂರಿನ 1894ರ ಕಾನೂನೂ ಇವತ್ತು ಓದಿದರೆ ಮೈ ಜುಮ್ಮೆನ್ನುತ್ತದೆ. ಎಂಟು ವರ್ಷದೊಳಗಿನ ಹುಡುಗಿಗೆ ಮದುವೆ ಮಾಡಬಾರದು. ಐವತ್ತು ದಾಟಿದವರು ಹದಿನಾಲ್ಕರೊಳಗಿನ ಹುಡುಗಿಯನ್ನು ಕಟ್ಟಿಕೊಳ್ಳಬಾರದು. ಅಂದರೆ ಒಂಬತ್ತಾದರೆ ಸರಿ, ನಲವತ್ತೊಂಬತ್ತಾದರೂ ಸರಿ! ದಿವಾನ್ ಶೇಷಾದ್ರಿ ಅಯ್ಯರ್ ಕಾಲದ್ದು. ಇಷ್ಟಕ್ಕೂ ಸಂಪ್ರದಾಯಸ್ಥರ ವಿರೋಧ ಇತ್ತು. ಬ್ರಿಟಿಷ್ ಇಂಡಿಯಾದಲ್ಲಿ ಮದುವೆಯ ವಯಸ್ಸಿಗೇ ಅಂತ ಶಾರದಾ ಕಾಯ್ದೆ ಬಂದದ್ದು 1929ರಲ್ಲಿ. ಎಂಟು ಅನ್ನುವ ಅಂಕಿ ನಾಚಿಕೆಯದ್ದೇ. ಆದರೂ ಆ ಕಾನೂನು ತಂದವರನ್ನು ನಾನು ಹೊಗಳುತ್ತೇನೆ, ಯಾಕೆಂದರೆ ತಮ್ಮ ಸುತ್ತಲಿನವರು ನಿಂತ ಕಡೆಯಿಂದ ಒಂದು ಹೆಜ್ಜೆಯಾದರೂ ಎಳೆದರು.

‘ನೀತಿಯಲ್ಲಿ ನಾವು ಮುಂದೆ ಬಂದಿದ್ದೇವೆ, ಅದಕ್ಕೇ ಹಿಂದಿನವರನ್ನು ಅಳೆಯುವುದು ಅನ್ಯಾಯ’ ಅನ್ನುವವರಿಗೆ ನನ್ನದೊಂದು ಪ್ರಶ್ನೆ. ಮುಂದೆ ಬಂದದ್ದು ಹೇಗೆ? ತಾನಾಗೇ ಬರಲಿಲ್ಲ. ರಖಮಾಬಾಯಿ, ಆಗರ್ಕರ್ ಥರದವರು ತಮ್ಮ ಕಾಲದವರನ್ನೇ ಎದುರು ಹಾಕಿಕೊಂಡು ‘ಇದು ತಪ್ಪು’ ಅಂದದ್ದರಿಂದ ಬಂತು. ತಿಲಕರನ್ನು ಯಾರೂ ಅಳೆಯಬಾರದು ಅಂದರೆ, ಅವತ್ತು ಅಳೆದ ರಖಮಾಬಾಯಿಯೂ ಬಾಯಿ ಮುಚ್ಚಿಕೊಂಡಿರಬೇಕಿತ್ತು ಅಂತಾಗುತ್ತದೆ.

ತಿಲಕರು 1908ರಲ್ಲಿ ರಾಜದ್ರೋಹದ ಆರು ವರ್ಷದ ಶಿಕ್ಷೆ ಹೊತ್ತು ಮಂಡಾಲೆಗೆ ಹೋದರು. ಅದಕ್ಕೆ ನನ್ನ ನಮಸ್ಕಾರ ಇದ್ದೇ ಇದೆ. 1891ರ ವಿಷಯದಲ್ಲಿ ಅವರು ತಪ್ಪು ಮಾಡಿದರು, ಗೊತ್ತಿದ್ದೇ ಮಾಡಿದರು. ಈ ಎರಡನ್ನೂ ಒಂದೇ ಉಸಿರಲ್ಲಿ ಹೇಳಲು ನನಗೇನೂ ಕಷ್ಟವಾಗುವುದಿಲ್ಲ. ಬೈಯುವವರು ಕಾಮೆಂಟಿನಲ್ಲಿ ಬೈಯಿರಿ, ಆದರೆ ಆಗರ್ಕರ್ ವಿಷಯಕ್ಕೆ ಉತ್ತರ ಕೊಟ್ಟು ಬೈಯಿರಿ.