98 ಬರ್ತಾ ಉಂಟಲ್ಲ ಅನ್ನುವ ಮೊದಲು ಸರ್ವರ್ ಯಾವುದು ನೋಡಿ

ಮಳೆಗಾಲ ಶುರುವಾದರೆ ನಮ್ಮ ಉಡುಪಿ ಕಡೆಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಎರಡೇ ವಿಷಯ. ಒಂದು ಕರೆಂಟ್, ಇನ್ನೊಂದು ನೆಟ್. ಒಬ್ಬರು "ರಾತ್ರಿ ನೆಟ್ ತುಂಬ ಸ್ಲೋ ಮಾರಾಯ್ರೆ" ಅಂತ ಬರೆದ ಕೂಡಲೇ ಇನ್ನೊಬ್ಬರು ಸ್ಪೀಡ್ ಟೆಸ್ಟಿನ ಸ್ಕ್ರೀನ್‌ಶಾಟ್ ಹಾಕುತ್ತಾರೆ. "ನಮ್ಮಲ್ಲಿ 98 ಬರ್ತಾ ಉಂಟಲ್ಲ!" ಚರ್ಚೆ ಅಲ್ಲಿಗೆ ಮುಗಿಯುತ್ತದೆ. ಸ್ಲೋ ಅಂದವರು ಸುಮ್ನೆ ಗೊಣಗುವವರು ಅಂತ ಆಗುತ್ತದೆ.

ನನ್ನ ಪ್ರಕಾರ ಆ ಸ್ಕ್ರೀನ್‌ಶಾಟ್‌ನಿಂದ ಏನೂ ಸಾಬೀತಾಗುವುದಿಲ್ಲ. ಅದರಲ್ಲಿ ನೋಡಬೇಕಾದ್ದು 98 ಅಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿರುವ ಸರ್ವರ್ ಹೆಸರು, ಮತ್ತೆ ಟೆಸ್ಟ್ ಮಾಡಿದ ಹೊತ್ತು.

ಊಕ್ಲಾದ ಸ್ಪೀಡ್‌ಟೆಸ್ಟ್ ತೆರೆದು ಬಟನ್ ಒತ್ತಿದರೆ ಅದು ಹತ್ತಿರದ ಕೆಲವು ಸರ್ವರ್‌ಗಳನ್ನು ನೋಡಿ, ಬೇಗ ಉತ್ತರ ಕೊಟ್ಟದ್ದನ್ನು ಆರಿಸಿಕೊಳ್ಳುತ್ತದೆ. ಬೇಗ ಉತ್ತರ ಕೊಡುವ ಸರ್ವರ್ ಯಾವುದು? ಎಷ್ಟೋ ಸಲ ನಿಮಗೆ ನೆಟ್ ಕೊಟ್ಟ ಕಂಪನಿಯೇ ಇಟ್ಟಿರುವ ಸರ್ವರ್. ಅದು ಮೋಸ ಅಲ್ಲ, ಊಕ್ಲಾದ ಸರ್ವರ್‌ಗಳನ್ನು ಹೆಚ್ಚಾಗಿ ಇಂಟರ್ನೆಟ್ ಕಂಪನಿಗಳೇ ನಡೆಸುತ್ತವೆ. ಆದರೆ ಆಗ ನೀವು ಅಳೆದದ್ದು ನಿಮ್ಮ ಮನೆಯಿಂದ ಆ ಕಂಪನಿಯ ಕೋಣೆಯವರೆಗಿನ ದಾರಿ ಮಾತ್ರ. ಕಂಪನಿಯಿಂದ ಹೊರಗೆ ಹೋಗುವ ದಾರಿ ಆ ಟೆಸ್ಟ್‌ನಲ್ಲಿ ಬರುವುದೇ ಇಲ್ಲ. ಮನೆಯಿಂದ ಗೇಟಿನವರೆಗೆ ಕಾರು ಸಲೀಸಾಗಿ ಹೋಯಿತು, ಹಾಗಾಗಿ ಶಿರಾಡಿ ಘಾಟಿ ಚೆನ್ನಾಗಿದೆ ಅಂದ ಹಾಗೆ.

Fast.com ನೋಡಿದರೆ ಸಾಕು ಅನ್ನುವವರೂ ಇದ್ದಾರೆ. ಅದು ನೆಟ್‌ಫ್ಲಿಕ್ಸ್‌ನದ್ದು, ಅಳೆಯುವುದು ನೆಟ್‌ಫ್ಲಿಕ್ಸ್‌ನ ಸರ್ವರ್‌ಗಳಿಗೆ. ನೆಟ್‌ಫ್ಲಿಕ್ಸ್ ತನ್ನ ಸರ್ವರ್‌ಗಳನ್ನು ಎಷ್ಟೋ ಇಂಟರ್ನೆಟ್ ಕಂಪನಿಗಳ ಜಾಲದ ಒಳಗೇ ಇಡಿಸಿದೆ. ಹಾಗಾಗಿ ಸಿನಿಮಾ ಚೆನ್ನಾಗಿ ಓಡುತ್ತದಾ ಅಂತ ತಿಳಿಯಲು ಅದು ಒಳ್ಳೆಯದು. ಬೆಂಗಳೂರಿನ ಆಫೀಸಿನ ವಿಡಿಯೋ ಕಾಲ್ ಯಾಕೆ ಕಡಿಯುತ್ತದೆ ಅನ್ನುವುದಕ್ಕೆ ಅಲ್ಲಿ ಉತ್ತರ ಸಿಗಬೇಕೆಂದಿಲ್ಲ.

ನಮ್ಮ ಪಕ್ಕದ ಮನೆಯ ಮಾಸ್ಟ್ರ ಕೇಸ್ ಹೇಳುತ್ತೇನೆ. 100 ಎಂಬಿಪಿಎಸ್ ಪ್ಲಾನ್. ಮಗಳು ಮನೆಯಿಂದಲೇ ಬೆಂಗಳೂರು ಕಂಪನಿಯ ಕೆಲಸ ಮಾಡುತ್ತಾಳೆ, ರಾತ್ರಿ ಮೀಟಿಂಗ್ ಜಾಸ್ತಿ. ದಿನಾ ಒಂಬತ್ತರ ನಂತರ ಧ್ವನಿ ಕಡಿದು ಕಡಿದು ಬರುತ್ತಿತ್ತು. ಕೇಬಲ್‌ನವರಿಗೆ ಫೋನ್ ಮಾಡಿದರೆ ಒಬ್ಬ ಹುಡುಗ ಹಗಲು ಹನ್ನೊಂದಕ್ಕೆ ಬರುತ್ತಾನೆ, ಮೊಬೈಲ್‌ನಲ್ಲಿ ಟೆಸ್ಟ್ ಮಾಡಿ ತೋರಿಸುತ್ತಾನೆ, "ಸರಿ ಉಂಟಲ್ಲ ಮಾಸ್ಟ್ರೇ" ಅಂತ ಹೊರಡುತ್ತಾನೆ. ಹುಡುಗನ ತಪ್ಪೇನೂ ಇಲ್ಲ. ಅವನಿಗೆ ಆ ಹೊತ್ತಿಗೆ ಆ ಸರ್ವರ್‌ನಲ್ಲಿ ಕಂಡದ್ದು ಅದೇ.

ನಾವು ಮಾಡಿದ ಮೊದಲ ಕೆಲಸ, ವೈಫೈಯನ್ನು ಲೆಕ್ಕದಿಂದ ತೆಗೆದದ್ದು. ಲ್ಯಾಪ್‌ಟಾಪನ್ನು ರೂಟರ್‌ಗೆ ಕೇಬಲ್ ಹಾಕಿಯೇ ಜೋಡಿಸಿದೆವು. ಹಳೆಯ 2.4 ಗಿಗಾಹರ್ಟ್ಸ್ ವೈಫೈ, ಅದೂ ಕೆಂಪು ಕಲ್ಲಿನ ಎರಡು ಗೋಡೆ ದಾಟಿ ಬಂದರೆ, 40 ಬಂದರೂ ಬಂತು. ಅದು ಕಂಪನಿಯ ದೋಷ ಅಲ್ಲ. ವಿಪಿಎನ್ ಆಫ್, ಟಿವಿ ಆಫ್, ಬೇರೆ ಫೋನುಗಳ ವೈಫೈ ಆಫ್. ಕೇಬಲ್ ಹಾಕಿದ ಮೇಲೆ ಬೆಳಿಗ್ಗೆ 94 ಬಂತು. ಮಾಸ್ಟ್ರು "ಆರು ಎಲ್ಲಿ ಹೋಯ್ತು?" ಅಂತ ಕೇಳಿದರು. ಅವರ ರೂಟರಿನ ಪೋರ್ಟ್ 100 ಎಂಬಿಪಿಎಸ್‌ನದ್ದು. ಡೇಟಾದ ಪ್ರತಿ ತುಂಡಿನ, ಅಂದರೆ ಪ್ಯಾಕೆಟ್‌ನ ಜೊತೆ ಹೋಗುವ ವಿಳಾಸ ಇತ್ಯಾದಿ ಕಳೆದರೆ ಅಂಥ ಪೋರ್ಟ್‌ನಲ್ಲಿ ಕೈಗೆ ಸಿಗುವುದು ಹೆಚ್ಚೆಂದರೆ 94ರ ಆಸುಪಾಸು. ಅಂದರೆ ಪೂರ್ತಿ ಸ್ಪೀಡ್ ಬರುತ್ತಿದೆ ಅಂತಲೇ ಅರ್ಥ.

ಆಮೇಲೆ ಮೂರು ಸರ್ವರ್ ಗೊತ್ತುಮಾಡಿಕೊಂಡೆವು. ಸ್ಪೀಡ್‌ಟೆಸ್ಟ್ ಪುಟದಲ್ಲಿ Change Server ಅಂತ ಇರುತ್ತದೆ, ಅಲ್ಲಿ ಊರಿನ ಹೆಸರು ಹೊಡೆದು ಹುಡುಕಬಹುದು. ಒಂದು, ಅವರದ್ದೇ ಕಂಪನಿಯ ಮಂಗಳೂರು ಸರ್ವರ್. ಎರಡು, ಬೇರೆ ಕಂಪನಿಯ ಬೆಂಗಳೂರು ಸರ್ವರ್. ಮೂರು, ಇನ್ನೊಂದು ಕಂಪನಿಯ ಮುಂಬೈ ಸರ್ವರ್. ಒಮ್ಮೆ ಗೊತ್ತುಮಾಡಿದ ಮೇಲೆ ಬದಲಾಯಿಸಬಾರದು. ಇವತ್ತು ಒಂದು ಸರ್ವರ್, ನಾಳೆ ಇನ್ನೊಂದು ಅಂತ ಮಾಡಿದರೆ ಎರಡು ದಿನದ ಸಂಖ್ಯೆಯನ್ನು ಹೋಲಿಸುವುದಕ್ಕೇ ಆಗುವುದಿಲ್ಲ. ಬೆಳಗ್ಗಿನ ಹೊತ್ತಲ್ಲೂ ಕಡಿಮೆ ತೋರಿಸುವ ಸರ್ವರ್ ಇದ್ದರೆ ಅದನ್ನು ಕೈಬಿಡಿ, ಆ ಸರ್ವರೇ ಸುಸ್ತಾಗಿರಬಹುದು.

ಇಲ್ಲಿ ಪಿಂಗ್, ಅಂದರೆ ಸರ್ವರ್‌ಗೆ ಹೋಗಿ ಉತ್ತರ ವಾಪಸ್ ಬರಲು ಹಿಡಿಯುವ ಹೊತ್ತು, ಅದನ್ನೂ ನೋಡಬೇಕು. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಅಂದರೆ 100 ಕಿಲೋಮೀಟರ್ ದೂರಕ್ಕೆ ಹೋಗಿ ಬರಲು 1 ಮಿಲಿಸೆಕೆಂಡ್. ಉಡುಪಿಯಿಂದ 3 ಮಿಲಿಸೆಕೆಂಡ್ ಪಿಂಗ್ ತೋರಿಸುವ ಸರ್ವರ್ ಬೆಂಗಳೂರಿನಲ್ಲಿ ಇರಲು ಸಾಧ್ಯವೇ ಇಲ್ಲ, ಹೆಸರಿನಲ್ಲಿ ಏನೇ ಬರೆದಿರಲಿ. ಇದರ ಉಲ್ಟಾ ಇನ್ನೂ ತಮಾಷೆ. ಮಂಗಳೂರು ಅಂತ ಹೆಸರಿರುವ ಬೇರೆ ಕಂಪನಿಯ ಸರ್ವರ್‌ಗೆ 30 ಬಂದರೆ ಗಾಬರಿಯಾಗಬೇಡಿ. ಎರಡು ಕಂಪನಿಗಳ ಜಾಲ ಮಂಗಳೂರಿನಲ್ಲಿ ಒಂದಕ್ಕೊಂದು ಸೇರದಿದ್ದರೆ ನಿಮ್ಮ ಡೇಟಾ ಬೆಂಗಳೂರಿಗೋ ಚೆನ್ನೈಗೋ ಮುಂಬೈಗೋ ಹೋಗಿ, ಅಲ್ಲಿ ಕೈ ಬದಲಾಯಿಸಿ, ವಾಪಸ್ ಮಂಗಳೂರಿಗೆ ಬರುತ್ತದೆ. ಭೂಪಟದಲ್ಲಿ ಹತ್ತಿರ ಇದ್ದದ್ದು ನೆಟ್‌ನಲ್ಲಿ ಹತ್ತಿರ ಇರಲೇಬೇಕೆಂದಿಲ್ಲ.

ಹೊತ್ತಿನ ವಿಷಯ. ಬೆಳಿಗ್ಗೆ ಆರು, ಹಗಲು ಹನ್ನೊಂದು, ಸಂಜೆ ಆರು, ರಾತ್ರಿ ಒಂಬತ್ತೂವರೆ. ಬೆಳಿಗ್ಗೆ ಆರರದ್ದು ಲೈನಿನ ನಿಜವಾದ ತಾಕತ್ತು ತೋರಿಸುತ್ತದೆ, ಆಗ ಊರು ಮಲಗಿರುತ್ತದೆ. ರಾತ್ರಿ ಒಂಬತ್ತೂವರೆಗೆ ಎಲ್ಲ ಮನೆಯಲ್ಲೂ ಟಿವಿ, ರೀಲ್ಸ್, ಕ್ರಿಕೆಟ್ ಇದ್ದರೆ ಅದೂ. ಮೂರೂ ಸರ್ವರ್‌ನ ಟೆಸ್ಟ್ ಒಂದೇ ಹತ್ತು ನಿಮಿಷದೊಳಗೆ ಮುಗಿಯಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥ ಇಲ್ಲ. ಕರೆಂಟ್ ಹೋಗಿ ಬಂದ ತಕ್ಷಣದ ಟೆಸ್ಟ್ ಬೇಡ, ಸ್ವಲ್ಪ ಕಾದು ಮಾಡಿ. ಒಂದು ದಿನದ್ದು ಸಾಲದು. ಭಾನುವಾರವೂ ಸೇರುವ ಹಾಗೆ ಕೆಲವು ದಿನ ಮಾಡಿ, ಒಂದೇ ಹೊತ್ತಿನ ಸಂಖ್ಯೆಗಳನ್ನು ಸಾಲಾಗಿ ಬರೆದು ಮಧ್ಯದ್ದನ್ನು ಹಿಡಿಯಬೇಕು. ಅತಿ ಚೆನ್ನಾಗಿರುವುದನ್ನು ಹಿಡಿದರೆ ಕಂಪನಿಗೆ ಖುಷಿ, ಅತಿ ಕೆಟ್ಟದ್ದನ್ನು ಹಿಡಿದರೆ ನಮಗೆ ಖುಷಿ. ಎರಡೂ ಬೇಡ.

ಮಾಸ್ಟ್ರ ಮನೆಯ ಪಟ್ಟಿ ಹೀಗೆ ಬಂತು. ಬೆಳಿಗ್ಗೆ ಆರಕ್ಕೆ ಮಂಗಳೂರು 94, ಬೆಂಗಳೂರು 93, ಮುಂಬೈ 91. ರಾತ್ರಿ ಒಂಬತ್ತೂವರೆಗೆ ಮಂಗಳೂರು 93, ಬೆಂಗಳೂರು 34, ಮುಂಬೈ 29. ಪಿಂಗ್ ಕೂಡ ಹಾಗೆಯೇ. ಮಂಗಳೂರಿಗೆ ಬೆಳಿಗ್ಗೆ 3, ರಾತ್ರಿ 4. ಬೆಂಗಳೂರಿಗೆ ಬೆಳಿಗ್ಗೆ 14 ಇದ್ದದ್ದು ರಾತ್ರಿ 61.

ಇದನ್ನು ಓದುವುದು ಕಷ್ಟ ಇಲ್ಲ. ಮಂಗಳೂರಿನ ಸಂಖ್ಯೆ ರಾತ್ರಿಯೂ ಅಲ್ಲಾಡಲಿಲ್ಲ. ಹಾಗಾಗಿ ಮನೆಯ ಫೈಬರ್, ಕಂಬದ ಮೇಲಿನ ಬಾಕ್ಸ್, ಮಂಗಳೂರಿನವರೆಗಿನ ಲೈನ್ ಎಲ್ಲ ಸರಿ ಇದೆ. ಬೆಂಗಳೂರು ಮತ್ತು ಮುಂಬೈ ಎರಡೂ ಒಟ್ಟಿಗೆ ಬಿದ್ದವು, ಬೆಳಿಗ್ಗೆ ಒಟ್ಟಿಗೆ ಎದ್ದವು. ಬೇರೆ ಬೇರೆ ಕಂಪನಿಯ ಎರಡು ಸರ್ವರ್ ದಿನಾ ಅದೇ ಹೊತ್ತಿಗೆ ಸುಸ್ತಾಗುವುದು ಕಾಕತಾಳೀಯ ಇರಲಿಕ್ಕಿಲ್ಲ. ಕಂಪನಿಯಿಂದ ಹೊರಗೆ ಹೋಗುವ ಅಪ್‌ಲಿಂಕ್ ಸಂಜೆ ತುಂಬಿ ಹೋಗುತ್ತಿತ್ತು. ಪಿಂಗ್ ಏರಿದ್ದೂ ಅದಕ್ಕೇ, ಪ್ಯಾಕೆಟ್‌ಗಳು ಸಾಲಿನಲ್ಲಿ ಕಾಯುತ್ತಿದ್ದವು. ಧ್ವನಿ ಕಡಿಯಲು 34 ಎಂಬಿಪಿಎಸ್ ಕಾರಣ ಅಲ್ಲ, ವಿಡಿಯೋ ಕಾಲ್‌ಗೆ ಅಷ್ಟು ಧಾರಾಳ ಆಯಿತು. ಈ ಕಾಯುವಿಕೆ, ಮತ್ತೆ ಸಾಲು ತುಂಬಿದಾಗ ಬಿದ್ದುಹೋಗುವ ಪ್ಯಾಕೆಟ್‌ಗಳು ಕಾರಣ.

ಮೂರೂ ಸರ್ವರ್ ರಾತ್ರಿ ಬಿದ್ದಿದ್ದರೆ ಕಥೆ ಬೇರೆ. ಆಗ ಸಂದೇಹ ನಮ್ಮ ಬೀದಿಯ ಕಡೆಗೆ. ಮನೆಗೆ ಬರುವ ಫೈಬರ್ ಸಾಮಾನ್ಯವಾಗಿ ಜಿಪಾನ್ ಅನ್ನುವ ಬಗೆಯದ್ದು. ಒಂದು ಪೋರ್ಟ್‌ನ ಸುಮಾರು 2.5 ಗಿಗಾಬಿಟ್ ಅನ್ನು 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಅದೇ ತುಂಬಿರಬಹುದು, ಇಲ್ಲವೇ ಸ್ಥಳೀಯ ಕೇಬಲ್‌ನವರಿಂದ ಮಂಗಳೂರಿಗೆ ಹೋಗುವ ಲಿಂಕ್ ಸಣ್ಣದಿರಬಹುದು. ಮೂರೂ ಸರ್ವರ್ ಬೆಳಿಗ್ಗೆ ಆರಕ್ಕೂ ಕಡಿಮೆ ಇದ್ದರೆ ಮೊದಲು ಮನೆಯೊಳಗೇ ಹುಡುಕಿ: ಕೇಬಲ್, ಪೋರ್ಟ್, ಬಗ್ಗಿದ ಫೈಬರ್, ಅಥವಾ ಡೇಟಾ ಮಿತಿ ಮುಗಿದು ಇಳಿಸಿದ ಸ್ಪೀಡ್.

ರಾತ್ರಿ ದಿನಾ ಕೂತು ಒತ್ತುವುದು ಬೇಜಾರು ಅಂದರೆ ಊಕ್ಲಾದ ಕಮಾಂಡ್ ಲೈನ್ ಆವೃತ್ತಿ ಇದೆ. ಮೊದಲ ಸಾಲು ಹತ್ತಿರದ ಸರ್ವರ್‌ಗಳ ಪಟ್ಟಿ ಕೊಡುತ್ತದೆ. ಎರಡನೆಯದು ನೀವು ಆರಿಸಿದ ಸರ್ವರ್‌ಗೆ ಟೆಸ್ಟ್ ಮಾಡಿ ಫೈಲ್‌ಗೆ ಸೇರಿಸುತ್ತದೆ. 12345 ಇರುವಲ್ಲಿ ನಿಮ್ಮ ಸರ್ವರ್ ನಂಬರ್ ಹಾಕಿ.

```
speedtest -L
speedtest -s 12345 -f csv >> speed.csv
```

ಆ ಫೈಲ್‌ನಲ್ಲಿ ಸ್ಪೀಡ್ ಇರುವುದು ಸೆಕೆಂಡಿಗೆ ಇಷ್ಟು ಬೈಟ್ ಅಂತ. 1,25,000ದಿಂದ ಭಾಗಿಸಿದರೆ ಎಂಬಿಪಿಎಸ್ ಸಿಗುತ್ತದೆ. ಸಮಯವನ್ನು ಅದು ಫೈಲ್‌ಗೆ ಹಾಕುವುದಿಲ್ಲ ಅಂತಲೇ ಇಟ್ಟುಕೊಂಡು ನೀವೇ ಬರೆದಿಡುವುದು ಕ್ಷೇಮ.

ಖರ್ಚಿನ ಬಗ್ಗೆಯೂ ಒಂದು ಮಾತು. 100 ಎಂಬಿಪಿಎಸ್ ಲೈನ್‌ನಲ್ಲಿ 15 ಸೆಕೆಂಡ್ ಡೌನ್‌ಲೋಡ್ ಅಂದರೆ 190 ಎಂಬಿಯ ಹತ್ತಿರ. ಅಪ್‌ಲೋಡ್ ಸೇರಿದರೆ ಒಂದು ಟೆಸ್ಟ್‌ಗೆ 400ರ ಸಮೀಪ ಹೋಗಬಹುದು. ಫೈಬರ್‌ಗೆ ಇದು ಏನೂ ಅಲ್ಲ. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕ್‌ನಲ್ಲಿ ಮಾತ್ರ ಈ ಹುಚ್ಚು ಬೇಡ.

ಪಟ್ಟಿ ಹಿಡಿದು ಮಾಸ್ಟ್ರು ಕೇಬಲ್ ಆಫೀಸಿಗೆ ಹೋದರು. "ನೆಟ್ ಸ್ಲೋ" ಅನ್ನಲಿಲ್ಲ. "ನಿಮ್ಮ ಸರ್ವರ್‌ಗೆ ರಾತ್ರಿ 93 ಬರ್ತದೆ, ಹೊರಗೆ ಹೋದರೆ 34. ನಿಮ್ಮ ಅಪ್‌ಲಿಂಕ್ ನೋಡಿ" ಅಂದರಂತೆ. ಮನೆಗೆ ಹುಡುಗನನ್ನು ಕಳಿಸುವ ಮಾತು ಈ ಸಲ ಬರಲಿಲ್ಲ. ಮೇಲಿನವರ ಹತ್ತಿರ ಮಾತಾಡಿ, ಸಂಜೆ ಲಿಂಕ್ ತುಂಬುತ್ತಿರುವುದು ಹೌದು, ಹೆಚ್ಚಿಸಲು ಕೇಳಿದ್ದೇವೆ ಅಂತ ಒಪ್ಪಿಕೊಂಡರು. ಕೆಲವು ವಾರದ ನಂತರ ರಾತ್ರಿಯ ಬೆಂಗಳೂರು 80 ದಾಟಿತು, ಪಿಂಗ್ 20ರೊಳಗೆ ಇಳಿಯಿತು. ಭಾನುವಾರ ರಾತ್ರಿ ಇನ್ನೂ 50ರ ಸುತ್ತ ಬೀಳುತ್ತದೆ. ಆ ಪಟ್ಟಿಯನ್ನು ಮಾಸ್ಟ್ರು ಈಗ ಬೇರೆಯೇ ಪುಸ್ತಕದಲ್ಲಿ ಬರೆಯುತ್ತಿದ್ದಾರೆ, ಕೆಂಪು ಶಾಯಿಯಲ್ಲಿ.